ಟ್ರಿಗರ್ ಯಾವುದು? ಐವಿಎಫ್ ಶುರುವಾಗುವ ಮೊದಲೇ ಕೇಳಬೇಕಾದ ಪ್ರಶ್ನೆ

ರಾತ್ರಿ ಒಂಬತ್ತೂವರೆ. ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದಾರೆ. ಫ್ರಿಜ್‌ನಿಂದ ತೆಗೆದ ಇಂಜೆಕ್ಷನ್ ಮೇಜಿನ ಮೇಲಿದೆ. ಮೊಟ್ಟೆಯನ್ನು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿಡುವ ಐವಿಎಫ್ ಚಿಕಿತ್ಸೆ ಮಾಡಿಸಿಕೊಳ್ಳುವ ಪ್ರತಿ ಮನೆಯಲ್ಲೂ ಇಂಥದ್ದೊಂದು ರಾತ್ರಿ ಬರುತ್ತದೆ. ಹತ್ತು ಹನ್ನೆರಡು ದಿನ ಹೊಟ್ಟೆಗೆ ಚುಚ್ಚಿಕೊಂಡ ಹಾರ್ಮೋನ್ ಇಂಜೆಕ್ಷನ್‌ಗಳಿಂದ ಮೊಟ್ಟೆಗಳು ಬೆಳೆದಿರುತ್ತವೆ. ಅವನ್ನು ಪೂರ್ತಿ ಹಣ್ಣಾಗಿಸಿ, ಹೊರಗೆ ತೆಗೆಯಲು ಸಿದ್ಧ ಮಾಡುವ ಕೊನೆಯ ಇಂಜೆಕ್ಷನ್ ಇದು. ಇದಕ್ಕೆ ಟ್ರಿಗರ್ ಅನ್ನುತ್ತಾರೆ. ಇದಾದ 35–36 ಗಂಟೆಗೆ ಮೊಟ್ಟೆ ತೆಗೆಯುತ್ತಾರೆ. ಅದಕ್ಕೇ ಸಮಯ ಅಷ್ಟು ಕಟ್ಟುನಿಟ್ಟು.

ಸಮಯದ ಬಗ್ಗೆ ಎಲ್ಲರೂ ಹತ್ತು ಸಲ ಕೇಳುತ್ತಾರೆ. ಆದರೆ ಆ ಸಿರಿಂಜಿನಲ್ಲಿ ಇರೋದು ಯಾವ ಔಷಧಿ ಅಂತ ಕೇಳುವವರು ಕಡಿಮೆ. ಮುಂದಿನ ಒಂದು ವಾರ ಸುಮ್ನೆ ಸ್ವಲ್ಪ ಹೊಟ್ಟೆಯುಬ್ಬರದಲ್ಲಿ ಕಳೆಯುತ್ತದೋ, ಇಲ್ಲ ಆಸ್ಪತ್ರೆ ಸೇರಿ ಹೊಟ್ಟೆಯಿಂದ ನೀರು ತೆಗೆಸಿಕೊಳ್ಳಬೇಕಾಗುತ್ತದೋ ಅನ್ನೋದು ಬಹುಮಟ್ಟಿಗೆ ಆ ಔಷಧಿಯ ಮೇಲೇ ನಿಂತಿದೆ. ಎಲ್ಲರಿಗೂ ಅಲ್ಲ. ಅಂಡಾಶಯದಲ್ಲಿ ಜಾಸ್ತಿ ಮೊಟ್ಟೆ ಬೆಳೆಯುವವರಿಗೆ.

ಈ ತೊಂದರೆಯ ಹೆಸರು ಓವೇರಿಯನ್ ಹೈಪರ್‌ಸ್ಟಿಮ್ಯುಲೇಷನ್ ಸಿಂಡ್ರೋಮ್. ಚಿಕ್ಕದಾಗಿ ಓಎಚ್‌ಎಸ್‌ಎಸ್. ಅಂಡಾಶಯಗಳು ಔಷಧಿಗೆ ಅತಿಯಾಗಿ ಸ್ಪಂದಿಸಿ ಊದಿಕೊಳ್ಳುವುದು, ರಕ್ತದಲ್ಲಿನ ನೀರು ಸೋರಿ ಹೊಟ್ಟೆಯಲ್ಲಿ ತುಂಬಿಕೊಳ್ಳುವುದು, ಇದರ ತಿರುಳು. ತೀರಾ ಸಣ್ಣ ಪ್ರಮಾಣದಲ್ಲಿ ಇದು ಐವಿಎಫ್ ಮಾಡಿಸಿಕೊಂಡ ಮೂವರಲ್ಲಿ ಒಬ್ಬರಿಗೆ ಆಗಬಹುದು, ಅದು ತಾನಾಗೇ ಇಳಿಯುತ್ತದೆ. ಗಂಭೀರವಾಗುವುದು ಅಪರೂಪ. ಆದರೆ ಆದಾಗ ಜೀವಕ್ಕೇ ಕುತ್ತು ತರಬಲ್ಲದು.

ನೀರು ಸೋರುವುದು ಯಾಕೆ

ಸಾಮಾನ್ಯ ತಿಂಗಳಲ್ಲಿ ಒಂದೇ ಒಂದು ಮೊಟ್ಟೆ ಹಣ್ಣಾಗುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನೋ ಹಾರ್ಮೋನನ್ನು ಒಮ್ಮೆಲೇ ಹೊರಗೆ ಬಿಡುತ್ತದೆ. ಆ ಅಲೆ ಸುಮಾರು ಎರಡು ದಿನ ಇದ್ದು ಇಳಿಯುತ್ತದೆ. ಮೊಟ್ಟೆ ಹೊರಬಂದ ಮೇಲೆ ಅದಿದ್ದ ನೀರುಗುಳ್ಳೆ, ಅಂದರೆ ಫಾಲಿಕಲ್, ಹಳದಿ ಬಣ್ಣದ ಒಂದು ಪುಟ್ಟ ಗ್ರಂಥಿಯಾಗಿ ಬದಲಾಗುತ್ತದೆ. ಪ್ರೊಜೆಸ್ಟರಾನ್ ತಯಾರಿಸುವುದು ಅದರ ಕೆಲಸ. ಜೊತೆಗೆ ಅದು ವಿಇಜಿಎಫ್ ಅನ್ನೋ ಒಂದು ಪ್ರೋಟೀನನ್ನೂ ಬಿಡುತ್ತದೆ. ಹೊಸ ರಕ್ತನಾಳ ಬೆಳೆಸೋಕೆ ಅದು ಬೇಕು. ಆದರೆ ಅದೇ ಪ್ರೋಟೀನ್ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡುತ್ತದೆ. ಒಂದು ಗುಳ್ಳೆಯಿಂದ ಬರುವಷ್ಟು ವಿಇಜಿಎಫ್‌ನಿಂದ ಏನೂ ತೊಂದರೆಯಿಲ್ಲ.

ಐವಿಎಫ್‌ನಲ್ಲಿ ಒಂದರ ಬದಲು ಇಪ್ಪತ್ತೈದು ಗುಳ್ಳೆಗಳಿವೆ ಅನ್ನಿ. ಅಷ್ಟೂ ಹಳದಿ ಗ್ರಂಥಿಗಳಾಗಿ, ಅಷ್ಟೂ ಒಟ್ಟಿಗೆ ವಿಇಜಿಎಫ್ ಬಿಡತೊಡಗುತ್ತವೆ. ರಕ್ತನಾಳಗಳಿಂದ ನೀರು, ಅದರ ಜೊತೆ ಆಲ್ಬುಮಿನ್ ಅನ್ನೋ ಪ್ರೋಟೀನ್, ಹೊಟ್ಟೆಯೊಳಗಿನ ಖಾಲಿ ಜಾಗಕ್ಕೆ ಸೋರುತ್ತವೆ. ಒಲೆಯ ಮೇಲೆ ಮರೆತ ಸಾರು ಬತ್ತಿ ಗಟ್ಟಿಯಾಗುತ್ತದಲ್ಲ, ರಕ್ತವೂ ಹಾಗೇ ಮಂದವಾಗುತ್ತದೆ. ಮಂದವಾದ ರಕ್ತ ಹೆಪ್ಪುಗಟ್ಟುವ ಸಂಭವ ಜಾಸ್ತಿ. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಹರಿಯದೆ ಮೂತ್ರ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ತುಂಬಿದ ನೀರು ಮೇಲಕ್ಕೆ ಒತ್ತಿ ಉಸಿರಾಟ ಕಷ್ಟವಾಗುತ್ತದೆ. ಕೆಲವರಿಗೆ ಶ್ವಾಸಕೋಶದ ಸುತ್ತಲೂ ನೀರು ಸೇರುತ್ತದೆ.

ಇಲ್ಲಿ ವಿಚಿತ್ರ ಒಂದಿದೆ. ತೂಕ ಏರುತ್ತಿದೆ, ಹೊಟ್ಟೆ ನೀರಿನಿಂದ ಬಿಗಿಯಾಗಿದೆ. ಆದರೂ ಬಾಯಿ ಒಣಗುತ್ತದೆ, ವಿಪರೀತ ಬಾಯಾರಿಕೆ. ನೀರೆಲ್ಲ ಇರಬಾರದ ಜಾಗದಲ್ಲಿದೆ, ಇರಬೇಕಾದ ರಕ್ತದಲ್ಲಿ ಇಲ್ಲ. ಈ ಒಂದು ಮಾತು ಅರ್ಥವಾದರೆ ಮುಂದಿನ ಎಲ್ಲ ಲಕ್ಷಣಗಳೂ ತಾವಾಗೇ ಅರ್ಥವಾಗುತ್ತವೆ.

ಈಗ ಟ್ರಿಗರ್ ವಿಷಯಕ್ಕೆ ಬರೋಣ. ಬಹಳ ವರ್ಷಗಳಿಂದ ಟ್ರಿಗರ್ ಅಂದರೆ ಎಚ್‌ಸಿಜಿ. ಬಸುರಿಯರ ದೇಹದಲ್ಲಿ ತಯಾರಾಗುವ, ಪ್ರೆಗ್ನೆನ್ಸಿ ಟೆಸ್ಟ್ ಕಡ್ಡಿ ಹುಡುಕುವ ಅದೇ ಹಾರ್ಮೋನ್. ಎಲ್‌ಎಚ್‌ಗೂ ಇದಕ್ಕೂ ರೂಪದಲ್ಲಿ ಹೋಲಿಕೆ ಇರುವುದರಿಂದ ಎಲ್‌ಎಚ್ ಮಾಡುವ ಕೆಲಸವನ್ನು ಇದೂ ಮಾಡುತ್ತದೆ. ವ್ಯತ್ಯಾಸ ಇರೋದು ಬಾಳಿಕೆಯಲ್ಲಿ. ಎಲ್‌ಎಚ್ ರಕ್ತದಿಂದ ಬೇಗ ಖಾಲಿಯಾಗುತ್ತದೆ. ಎಚ್‌ಸಿಜಿ ಅರ್ಧ ಕರಗೋಕೇ ಒಂದು ದಿನಕ್ಕಿಂತ ಜಾಸ್ತಿ ಬೇಕು. 10,000 ಯೂನಿಟ್ ತಗೊಂಡವರ ಮೈಯಲ್ಲಿ ವಾರ, ಹತ್ತು ದಿನ ಅದು ಇರುತ್ತದೆ. ಟ್ರಿಗರ್ ಆದ ಕೆಲವೇ ದಿನಕ್ಕೆ ಆತುರಪಟ್ಟು ಪ್ರೆಗ್ನೆನ್ಸಿ ಟೆಸ್ಟ್ ಮಾಡಬೇಡಿ, ಸುಳ್ಳು ಗೆರೆ ಬರುತ್ತದೆ ಅಂತ ನರ್ಸ್ ಹೇಳೋದು ಇದೇ ಕಾರಣಕ್ಕೆ.

ಮೊಟ್ಟೆ ಹಣ್ಣಾಗಲು ಒಂದೂವರೆ ದಿನದ ಪ್ರಚೋದನೆ ಸಾಕು. ಎಚ್‌ಸಿಜಿ ಅಲ್ಲಿಗೆ ನಿಲ್ಲೋದಿಲ್ಲ. ಮೊಟ್ಟೆ ತೆಗೆದಾದ ಮೇಲೂ ಆ ಇಪ್ಪತ್ತೈದು ಗ್ರಂಥಿಗಳನ್ನು ದಿನವೂ ಬಡಿದೆಬ್ಬಿಸಿ ಕೆಲಸ ಮಾಡಿಸುತ್ತಲೇ ಇರುತ್ತದೆ. ಆದ್ದರಿಂದಲೇ ಟ್ರಿಗರ್ ಕೊಡದಿದ್ದರೆ, ಎಷ್ಟೇ ಗುಳ್ಳೆಗಳು ಬೆಳೆದಿದ್ದರೂ, ಓಎಚ್‌ಎಸ್‌ಎಸ್ ಆಗೋದು ತೀರಾ ವಿರಳ.

ಯಾರಿಗೆ ಅಪಾಯ ಜಾಸ್ತಿ

ಪಿಸಿಓಎಸ್ ಇರುವವರು ಮೊದಲ ಸಾಲಿನಲ್ಲಿದ್ದಾರೆ. ಅವರ ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ಮೊದಲೇ ತುಂಬಿರುತ್ತವೆ. ಇಂಜೆಕ್ಷನ್ ಬಿದ್ದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಪಿಸಿಓಎಸ್ ಅಂತ ಯಾರೂ ಹೇಳದಿದ್ದರೂ ಎರಡು ಅಂಕಿಗಳು ಗುಟ್ಟು ಬಿಟ್ಟುಕೊಡುತ್ತವೆ. ಒಂದು, ಅಂಡಾಶಯದಲ್ಲಿ ಮೊಟ್ಟೆಗಳ ದಾಸ್ತಾನು ಎಷ್ಟಿದೆ ಅಂತ ಅಂದಾಜು ಕೊಡುವ ಎಎಂಎಚ್ ರಕ್ತ ಪರೀಕ್ಷೆ. ಅದು 3.4 ನ್ಯಾನೋಗ್ರಾಂ ದಾಟಿದ್ದರೆ ಎಚ್ಚರ. ಇನ್ನೊಂದು, ಮುಟ್ಟಿನ ಎರಡು ಮೂರನೇ ದಿನದ ಸ್ಕ್ಯಾನಿನಲ್ಲಿ ಎಣಿಸುವ ಸಣ್ಣ ಗುಳ್ಳೆಗಳ ಸಂಖ್ಯೆ. ಎರಡೂ ಕಡೆಯದು ಸೇರಿ 24ಕ್ಕಿಂತ ಜಾಸ್ತಿ ಇದ್ದರೆ ಎಚ್ಚರ. ಇವೆರಡೂ ಚಿಕಿತ್ಸೆ ಶುರುವಾಗುವ ಮೊದಲೇ ಕೈಯಲ್ಲಿರುವ ಅಂಕಿಗಳು ಅನ್ನೋದನ್ನು ಗಮನಿಸಿ.

ಹಿಂದೆ ಒಮ್ಮೆ ಓಎಚ್‌ಎಸ್‌ಎಸ್ ಆಗಿದ್ದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಹೊಸ ಆಸ್ಪತ್ರೆಗೆ ಹೋದಾಗ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಹಳೆಯ ಫೈಲ್ ಎಲ್ಲರ ಕೈಯಲ್ಲೂ ಇರೋದಿಲ್ಲ. ಕಡಿಮೆ ವಯಸ್ಸಿನವರಲ್ಲೂ ಅಪಾಯ ಹೆಚ್ಚು.

ಇನ್ನು ಕೆಲವು ಅಂಕಿಗಳು ನಡುದಾರಿಯಲ್ಲಿ ಗೊತ್ತಾಗುತ್ತವೆ. ಟ್ರಿಗರ್ ಹೊತ್ತಿಗೆ ಬೆಳೆಯುತ್ತಿರುವ ಗುಳ್ಳೆ 25 ಅಥವಾ ಅದಕ್ಕಿಂತ ಹೆಚ್ಚು, ಆ ಗುಳ್ಳೆಗಳು ಬಿಡುವ ಈಸ್ಟ್ರಡಯೋಲ್ ಹಾರ್ಮೋನ್ ರಕ್ತದಲ್ಲಿ 3,500 ಪಿಕೋಗ್ರಾಂ ಮೀರಿದೆ, ಆಮೇಲೆ ತೆಗೆದ ಮೊಟ್ಟೆ 24 ಅಥವಾ ಅದಕ್ಕೂ ಜಾಸ್ತಿ. "ಇಷ್ಟೊಂದು ಮೊಟ್ಟೆ ಬಂತಂತೆ!" ಅಂತ ಮನೆಯವರು ಸಿಹಿ ಹಂಚುವ ಹೊತ್ತಿನಲ್ಲೇ ತೂಕದ ಮೇಲೆ ಕಣ್ಣಿಡಬೇಕಾದ ದಿನಗಳೂ ಶುರುವಾಗಿರುತ್ತವೆ.

ಎರಡನೇ ದಾರಿ

1990ರ ಆಸುಪಾಸಿನಲ್ಲಿ ಕೆಲವು ವೈದ್ಯರು ಬೇರೆ ಥರ ಯೋಚಿಸಿದರು. ಹೊರಗಿನಿಂದ ಎಚ್‌ಸಿಜಿ ಕೊಡೋದರ ಬದಲು, ಆಕೆಯ ಪಿಟ್ಯುಟರಿಯಲ್ಲೇ ಇರುವ ಎಲ್‌ಎಚ್ ದಾಸ್ತಾನನ್ನು ಒಮ್ಮೆಲೇ ಬಿಡುಗಡೆ ಮಾಡಿಸಿದರೆ? ಅದಕ್ಕೆ ಬಳಸುವ ಔಷಧಿ ಜಿಎನ್‌ಆರ್‌ಎಚ್ ಅಗೊನಿಸ್ಟ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಟ್ರಿಪ್ಟೊರೆಲಿನ್ ಮತ್ತು ಲ್ಯುಪ್ರೊಲೈಡ್. ಟ್ರಿಪ್ಟೊರೆಲಿನ್ ಆದರೆ ಬಹುತೇಕ 0.2 ಮಿಲಿಗ್ರಾಂ, ಅಂದರೆ 0.1ರ ಎರಡು ಸಿರಿಂಜ್. ಇದೇ ಔಷಧಿಗಳ ತಿಂಗಳಿಗೊಮ್ಮೆ ಕೊಡುವ ಡಿಪೋ ರೂಪವೂ ಅಂಗಡಿಯಲ್ಲಿದೆ. ಅದು ಬೇರೆ ಕೆಲಸಕ್ಕೆ. ಪೆಟ್ಟಿಗೆ ಮೇಲಿನ ಅಂಕಿಯನ್ನು ಚೀಟಿಯ ಜೊತೆ ತಾಳೆ ನೋಡಿ ತಗೊಳ್ಳಿ.

ಇಂಜೆಕ್ಷನ್ ಆದ ಸುಮಾರು ನಾಲ್ಕು ಗಂಟೆಗೆ ಎಲ್‌ಎಚ್ ಮೇಲಕ್ಕೆ ಚಿಮ್ಮುತ್ತದೆ. 24ರಿಂದ 36 ಗಂಟೆಯೊಳಗೆ ಅಲೆ ಇಳಿದುಹೋಗುತ್ತದೆ. ಮೊಟ್ಟೆ ಹಣ್ಣಾಗಲು ಅಷ್ಟು ಸಾಕು. ಬರುವ ಮೊಟ್ಟೆಗಳ ಸಂಖ್ಯೆಯೂ ಗುಣವೂ ಎಚ್‌ಸಿಜಿಗೆ ಸರಿಸಮ. ಆದರೆ ಮೊಟ್ಟೆ ತೆಗೆದ ಮೇಲೆ ಆ ಹಳದಿ ಗ್ರಂಥಿಗಳಿಗೆ ಆಹಾರ ಹಾಕುವವರೇ ಇಲ್ಲ. ಒಂದೆರಡು ದಿನದಲ್ಲಿ ಬಾಡತೊಡಗುತ್ತವೆ. ವಿಇಜಿಎಫ್ ಇಳಿಯುತ್ತದೆ, ಸೋರಿಕೆ ಶುರುವಾಗುವ ಮುಂಚೆಯೇ ನಿಲ್ಲುತ್ತದೆ. ನಾಲ್ಕಾರು ದಿನಕ್ಕೆ ಮುಟ್ಟೂ ಬಂದುಬಿಡುತ್ತದೆ.

ಹಾಗಿದ್ರೆ ಎಲ್ಲರಿಗೂ ಇದನ್ನೇ ಯಾಕೆ ಕೊಡಬಾರದು? ಇದಕ್ಕೆ ಎರಡು ಶರತ್ತುಗಳಿವೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಈ ಮೊದಲ ಶರತ್ತು.

ಬೆಳೆಯುತ್ತಿರುವ ಮೊಟ್ಟೆಗಳು ಅವಧಿಗೆ ಮುಂಚೆ ಹೊರಬೀಳದಂತೆ ಪಿಟ್ಯುಟರಿಯನ್ನು ತಡೆದು ಹಿಡಿಯಲೇಬೇಕು. ಅದಕ್ಕೆ ಹಳೆಯ ಕ್ರಮ "ಲಾಂಗ್ ಪ್ರೋಟೊಕಾಲ್". ಹಿಂದಿನ ತಿಂಗಳಿನಿಂದಲೇ ದಿನವೂ ಅಗೊನಿಸ್ಟ್ ಕೊಟ್ಟು ಪಿಟ್ಯುಟರಿಯನ್ನು ಪೂರ್ತಿ ದಣಿಸಿ ಮಲಗಿಸುತ್ತಾರೆ. ಅದರ ಎಲ್‌ಎಚ್ ದಾಸ್ತಾನು ಖಾಲಿಯಾಗಿರುತ್ತದೆ. ಕೊನೆಯ ರಾತ್ರಿ ಅಗೊನಿಸ್ಟ್ ಟ್ರಿಗರ್ ಕೊಟ್ಟರೂ ಬಿಡುಗಡೆಯಾಗೋಕೆ ಒಳಗೆ ಏನೂ ಇರೋದಿಲ್ಲ. ಆಗ ಉಳಿಯೋದು ಎಚ್‌ಸಿಜಿ ಒಂದೇ.

ಹೊಸ ಕ್ರಮ "ಆಂಟಗೊನಿಸ್ಟ್ ಪ್ರೋಟೊಕಾಲ್". ಇದರಲ್ಲಿ ಇಂಜೆಕ್ಷನ್ ಶುರುವಾದ ಐದಾರು ದಿನದ ಮೇಲೆ ಸೆಟ್ರೊರೆಲಿಕ್ಸ್ ಅಥವಾ ಗ್ಯಾನಿರೆಲಿಕ್ಸ್ ಅನ್ನೋ ಔಷಧಿಯನ್ನು ದಿನವೂ ಕೊಡುತ್ತಾರೆ. ಅದು ಪಿಟ್ಯುಟರಿಯ ಬಾಗಿಲಿಗೆ ಅಡ್ಡ ನಿಲ್ಲುತ್ತದೆ ಅಷ್ಟೇ, ಒಳಗಿನ ದಾಸ್ತಾನನ್ನು ಮುಟ್ಟೋದಿಲ್ಲ. ಟ್ರಿಗರ್ ರಾತ್ರಿ ಅಗೊನಿಸ್ಟ್ ಬಂದು ಅದನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೆಗೆಸುತ್ತದೆ. ಇಂಜೆಕ್ಷನ್ ಬದಲು ಪ್ರೊಜೆಸ್ಟರಾನ್ ಜಾತಿಯ ಮಾತ್ರೆಯಿಂದ ಪಿಟ್ಯುಟರಿಯನ್ನು ತಡೆಯುವ ಕ್ರಮವೂ ಈಗ ಬಳಕೆಯಲ್ಲಿದೆ. ಅಲ್ಲೂ ಅಗೊನಿಸ್ಟ್ ಟ್ರಿಗರ್ ಕೆಲಸ ಮಾಡುತ್ತದೆ.

ಅಂದರೆ ಯಾವ ಟ್ರಿಗರ್ ಅನ್ನೋ ತೀರ್ಮಾನ ಕೊನೆಯ ರಾತ್ರಿಯದಲ್ಲ. ಯಾವ ಪ್ರೋಟೊಕಾಲ್ ಅಂತ ಮೊದಲ ಭೇಟಿಯಲ್ಲಿ ಬರೆಯುವಾಗಲೇ ಆ ಬಾಗಿಲು ತೆರೆದೇ ಇರುತ್ತದೋ ಮುಚ್ಚುತ್ತದೋ ಅನ್ನೋದು ನಿರ್ಧಾರವಾಗಿಬಿಡುತ್ತದೆ. ಎಎಂಎಚ್ ಜಾಸ್ತಿ ಇರುವವರು ಆವತ್ತೇ ಕೇಳಬೇಕಾದ ಮಾತು ಇಷ್ಟೇ: "ಡಾಕ್ಟ್ರೇ, ಮೊಟ್ಟೆ ಜಾಸ್ತಿ ಬೆಳೆದ್ರೆ ಅಗೊನಿಸ್ಟ್ ಟ್ರಿಗರ್ ಕೊಡೋಕೆ ಈ ಪ್ರೋಟೊಕಾಲ್‌ನಲ್ಲಿ ಆಗುತ್ತಾ?"

ಎರಡನೇ ಶರತ್ತು ತಾಳ್ಮೆಯದು. ಹಳದಿ ಗ್ರಂಥಿಗಳು ಬೇಗ ಬಾಡೋದು ಓಎಚ್‌ಎಸ್‌ಎಸ್ ತಡೆಯೋಕೆ ಒಳ್ಳೆಯದು. ಆದರೆ ಗರ್ಭಕೋಶದ ಒಳಪದರಕ್ಕೆ ಅವು ಕೊಡಬೇಕಾದ ಪ್ರೊಜೆಸ್ಟರಾನ್ ಕೂಡ ನಿಂತುಹೋಗುತ್ತದೆ. ಅದೇ ತಿಂಗಳು ಭ್ರೂಣ ಇಟ್ಟರೆ ನಿಲ್ಲುವ ಸಂಭವ ಕಡಿಮೆ, ಗರ್ಭಪಾತ ಜಾಸ್ತಿ. ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ 2014ರ ಕೊಕ್ರೇನ್ ವಿಮರ್ಶೆ ಎರಡೂ ಮಾತನ್ನು ಹೇಳಿತು: ಅಗೊನಿಸ್ಟ್ ಟ್ರಿಗರ್‌ನಿಂದ ಓಎಚ್‌ಎಸ್‌ಎಸ್ ಬಹಳ ಕಡಿಮೆಯಾಗುತ್ತದೆ, ಅದೇ ತಿಂಗಳು ಭ್ರೂಣ ಇಟ್ಟವರಲ್ಲಿ ಮಗು ಪಡೆಯುವ ಪ್ರಮಾಣವೂ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರ ಫ್ರೀಜ್. ಆಗಿರುವ ಭ್ರೂಣಗಳನ್ನೆಲ್ಲ ಮೈನಸ್ 196 ಡಿಗ್ರಿ ದ್ರವ ಸಾರಜನಕದಲ್ಲಿಟ್ಟು, ಅಂಡಾಶಯ ಮೊದಲಿನ ಗಾತ್ರಕ್ಕೆ ಇಳಿದ ಮೇಲೆ ಮುಂದಿನ ಒಂದೆರಡು ತಿಂಗಳಲ್ಲಿ ಇಡುತ್ತಾರೆ. 2011ರಲ್ಲಿ ಬೆಲ್ಜಿಯಂನ ಪಾಲ್ ಡೆವ್ರೂಯ್ ಮತ್ತು ಸಂಗಡಿಗರು ಆಂಟಗೊನಿಸ್ಟ್ ಪ್ರೋಟೊಕಾಲ್, ಅಗೊನಿಸ್ಟ್ ಟ್ರಿಗರ್, ಆಮೇಲೆ ಫ್ರೀಜ್ ಎಂಬ ಈ ಮೂರನ್ನು ಒಂದಕ್ಕೊಂದು ಜೋಡಿಸಿ "ಓಎಚ್‌ಎಸ್‌ಎಸ್ ಇಲ್ಲದ ಕ್ಲಿನಿಕ್" ಸಾಧ್ಯ ಅಂತ ಬರೆದರು. ಇವತ್ತು ಅಪಾಯ ಜಾಸ್ತಿ ಇರುವವರಿಗೆ ಎಲ್ಲ ಕಡೆ ಹೇಳೋದು ಇದೇ ಜೋಡಣೆ.

ಫ್ರೀಜ್ ಇನ್ನೊಂದು ಬಾಗಿಲನ್ನೂ ಮುಚ್ಚುತ್ತದೆ. ಓಎಚ್‌ಎಸ್‌ಎಸ್‌ನಲ್ಲಿ ಎರಡು ಥರ. ಟ್ರಿಗರ್ ಆದ ಒಂದು ವಾರದೊಳಗೆ ಶುರುವಾಗುವುದು ಮೊದಲನೆಯದು. ಅದಕ್ಕೆ ಕಾರಣ ಇಂಜೆಕ್ಷನ್‌ನ ಎಚ್‌ಸಿಜಿ. ಹತ್ತು ದಿನದ ನಂತರ ಬರುವುದು ಎರಡನೆಯದು. ಅದಕ್ಕೆ ಕಾರಣ ಗರ್ಭ ನಿಂತು, ಭ್ರೂಣವೇ ಬಿಡತೊಡಗಿದ ಎಚ್‌ಸಿಜಿ. ಇದು ದಿನದಿಂದ ದಿನಕ್ಕೆ ಏರುತ್ತದೆ, ಅವಳಿ ಆದರೆ ಇನ್ನೂ ಜಾಸ್ತಿ. ಹೀಗಾಗಿ ಎರಡನೆಯ ಥರದ್ದು ಹೆಚ್ಚು ದಿನ ಕಾಡುತ್ತದೆ. ಭ್ರೂಣವನ್ನು ಆ ತಿಂಗಳು ಇಡದೇ ಇದ್ದರೆ ಇದರ ಪ್ರಶ್ನೆಯೇ ಬರೋದಿಲ್ಲ.

ಒಂದೇ ಹುಡುಗಿ, ಎರಡು ವಾರ

ವಿಷಯ ಕಣ್ಣಿಗೆ ಕಟ್ಟಲಿ ಅಂತ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವಯಸ್ಸು 28. ತೂಕ 54 ಕಿಲೋ. ಪಿಸಿಓಎಸ್ ಇದೆ. ಎಎಂಎಚ್ 7.8, ಸ್ಕ್ಯಾನಿನಲ್ಲಿ ಸಣ್ಣ ಗುಳ್ಳೆಗಳು 30. ಆಂಟಗೊನಿಸ್ಟ್ ಪ್ರೋಟೊಕಾಲ್. ಹನ್ನೊಂದನೇ ದಿನ 27 ಗುಳ್ಳೆಗಳು, ಈಸ್ಟ್ರಡಯೋಲ್ 4,600. ಸೋಮವಾರ ರಾತ್ರಿ ಒಂಬತ್ತೂವರೆಗೆ ಟ್ರಿಗರ್, ಬುಧವಾರ ಬೆಳಿಗ್ಗೆ ಎಂಟೂವರೆಗೆ ಮೊಟ್ಟೆ ತೆಗೆದರು. 24 ಮೊಟ್ಟೆ.

ಮೊದಲು, ಟ್ರಿಗರ್ ಎಚ್‌ಸಿಜಿ ಆಗಿತ್ತು ಅನ್ನಿ.

ಗುರುವಾರ ಹೊಟ್ಟೆ ಸ್ವಲ್ಪ ಭಾರ. ಇದು ಎಲ್ಲರಿಗೂ ಇರೋದೇ. ಶುಕ್ರವಾರ ತೂಕ 54.8. ಚೂಡಿದಾರದ ಲಾಡಿ ಕಟ್ಟುವಾಗ ಎಂದಿನ ಜಾಗಕ್ಕೆ ಗಂಟು ಬರುತ್ತಿಲ್ಲ. "ಗ್ಯಾಸ್ ಇರ್ಬೇಕು ಕಣಮ್ಮ, ಜೀರಿಗೆ ಕಷಾಯ ಮಾಡ್ಕೊಡ್ತೀನಿ" ಅಂತಾರೆ ಅತ್ತೆ. ಶನಿವಾರ ತೂಕ 56. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತೆ, ವಾಕರಿಕೆ. ಭಾನುವಾರ ಬೆಳಿಗ್ಗೆ 57.4. ರಾತ್ರಿಯಿಡೀ ಅಂಗಾತ ಮಲಗೋಕೆ ಆಗದೆ ದಿಂಬು ಒರಗಿಸಿ ಕೂತಿದ್ದಾಳೆ. ಮೂತ್ರ ಕಡಿಮೆ, ಬಣ್ಣ ಕಡು ಹಳದಿ. ಲೋಟದ ಮೇಲೆ ಲೋಟ ನೀರು ಕುಡಿದರೂ ಬಾಯಾರಿಕೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ ಹೊಟ್ಟೆ ತುಂಬ ನೀರು. ಒಂದೊಂದು ಅಂಡಾಶಯವೂ 12 ಸೆಂಟಿಮೀಟರ್ ದಾಟಿದೆ. ಚಿಕಿತ್ಸೆಗೆ ಮುಂಚೆ 36 ಇದ್ದ ಹೆಮಟೊಕ್ರಿಟ್ ಈಗ 47. ಲ್ಯಾಬ್ ರಿಪೋರ್ಟಿನಲ್ಲಿ ಇದನ್ನೇ ಪಿಸಿವಿ ಅಂತ ಬರೆದಿರುತ್ತಾರೆ. ರಕ್ತದಲ್ಲಿ ಕಣಗಳ ಪಾಲು ಎಷ್ಟು ಅನ್ನೋ ಅಂಕಿ ಅದು. ನೀರು ಸೋರಿದಷ್ಟೂ ಏರುತ್ತದೆ. 45 ದಾಟಿದರೆ ಗಂಭೀರ, 55 ದಾಟಿದರೆ ಐಸಿಯು ಮಟ್ಟದ ಅಪಾಯ. ಸೋಡಿಯಂ 132ಕ್ಕೆ ಇಳಿದಿದೆ. ದಾಖಲು ಮಾಡಿ, ಅಳೆದು ಅಳೆದು ಡ್ರಿಪ್ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ಒಂದು ಇಂಜೆಕ್ಷನ್. ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ ಎರಡು ಲೀಟರ್ ನೀರು ತೆಗೆಯುತ್ತಾರೆ. ನೀರು ಇಳಿದ ಕೂಡಲೇ ಉಸಿರಾಟ ಹಗುರ. ಭ್ರೂಣ ಇಟ್ಟಿಲ್ಲವಾದ್ದರಿಂದ ವಾರ, ಹತ್ತು ದಿನದಲ್ಲಿ ಸುಧಾರಿಸಿಕೊಳ್ಳುತ್ತಾಳೆ.

ಈಗ ಅದೇ ಸೋಮವಾರ ರಾತ್ರಿ ಸಿರಿಂಜಿನಲ್ಲಿ ಟ್ರಿಪ್ಟೊರೆಲಿನ್ ಇತ್ತು ಅನ್ನಿ. ಮಂಗಳವಾರ ಬೆಳಿಗ್ಗೆ ಒಂದು ರಕ್ತ ಪರೀಕ್ಷೆ: ಎಲ್‌ಎಚ್ 48. ಟ್ರಿಗರ್ ಹಿಡಿದಿದೆ. ಬುಧವಾರ ಅದೇ ಲೆಕ್ಕದ ಮೊಟ್ಟೆಗಳು. ಗುರುವಾರ ಶುಕ್ರವಾರ ಹೊಟ್ಟೆಯುಬ್ಬರ ಇದ್ದೇ ಇದೆ, ಅಂಡಾಶಯಗಳು ದೊಡ್ಡದಾಗಿವೆಯಲ್ಲ. ತೂಕ 54.5ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಭಾನುವಾರದ ಹೊತ್ತಿಗೆ ಇಳಿಮುಖ. ಸೋಮವಾರ ಮುಟ್ಟು. ಭ್ರೂಣಗಳು ಲ್ಯಾಬಿನಲ್ಲಿ ಭದ್ರವಾಗಿವೆ.

ಎರಡನೇ ವಾರದಲ್ಲೂ ಗುರುವಾರ ಒಂದೇ ಥರ ಇತ್ತು ಅನ್ನೋದನ್ನು ನೋಡಿದಿರಲ್ಲ. ಅದಕ್ಕೇ ಒಂದು ದಿನದ ಉಬ್ಬರ ನೋಡಿ ಹೆದರಬೇಕಿಲ್ಲ. ನೋಡಬೇಕಾದದ್ದು ದಿಕ್ಕನ್ನು. ಮೊಟ್ಟೆ ತೆಗೆದ ಮೂರನೇ ದಿನದ ಹೊತ್ತಿಗೆ ಕಡಿಮೆಯಾಗುತ್ತಿದೆಯಾ, ಏರುತ್ತಿದೆಯಾ?

ಮನೆಯಲ್ಲಿ ಗಮನಿಸೋದು ಹೇಗೆ

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಏನೂ ತಿನ್ನುವ ಮುಂಚೆ ತೂಕ ನೋಡಿ. ಅದೇ ತಕ್ಕಡಿ, ಅದೇ ಥರದ ಬಟ್ಟೆ. ಒಂದು ದಿನದಲ್ಲಿ ಒಂದು ಕಿಲೋ ಏರಿದರೆ ಅದು ಊಟದ ತೂಕವಲ್ಲ, ನೀರಿನದು. ಆವತ್ತೇ ಫೋನ್ ಮಾಡಿ. ಹೊಕ್ಕುಳ ಮಟ್ಟದಲ್ಲಿ ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡಬಹುದು. ಹಳೆಯದೊಂದು ಅಳತೆಯ ಜಗ್ ಬಚ್ಚಲುಮನೆಯಲ್ಲಿಟ್ಟು ಮೂತ್ರ ಅಳೆಯಿರಿ. ಇಡೀ ದಿನಕ್ಕೆ ಒಂದು ಲೀಟರ್‌ಗಿಂತ ಕಡಿಮೆಯಾಗಿ, ಬಣ್ಣವೂ ಕಡುವಾದರೆ ಅದೂ ಫೋನ್ ಮಾಡುವ ವಿಷಯವೇ.

ಬೆಳಗಾಗಲಿ ಅಂತ ಕಾಯದೆ ಹೊರಡಬೇಕಾದ ಲಕ್ಷಣಗಳು ಬೇರೆ. ಏದುಸಿರು ಅಥವಾ ಎದೆನೋವು. ನೀರೂ ನಿಲ್ಲದಷ್ಟು ವಾಂತಿ. ಮೂತ್ರ ಹೆಚ್ಚುಕಡಿಮೆ ನಿಂತೇಹೋಗುವುದು. ತಲೆಸುತ್ತಿ ಬೀಳುವುದು. ಒಂದು ಕಾಲಿನ ಮೀನಖಂಡ ಊದಿ ನೋಯುವುದು. ಇನ್ನೊಂದನ್ನು ಯಾರೂ ನಿರೀಕ್ಷಿಸೋದಿಲ್ಲ: ಕುತ್ತಿಗೆಯ ಒಂದು ಪಕ್ಕ ಅಥವಾ ಒಂದು ತೋಳು ಊದಿ ನೋವು ಬರುವುದು. ಓಎಚ್‌ಎಸ್‌ಎಸ್‌ನಲ್ಲಿ ರಕ್ತ ಹೆಪ್ಪುಗಟ್ಟೋದು ಕಾಲಿನಲ್ಲಿ ಮಾತ್ರ ಅಲ್ಲ, ಕುತ್ತಿಗೆ ಮತ್ತು ತೋಳಿನ ರಕ್ತನಾಳಗಳಲ್ಲೂ ಆಗುತ್ತದೆ. ಅದೂ ಉಬ್ಬರ ಇಳಿದು ಎಲ್ಲ ಸರಿಹೋಯಿತು ಅಂದುಕೊಂಡ ವಾರಗಳ ನಂತರವೂ ಬರಬಹುದು. "ರಾತ್ರಿ ದಿಂಬು ಸರಿ ಇರ್ಲಿಲ್ಲ, ಕುತ್ತಿಗೆ ಹಿಡ್ಕೊಂಡಿದೆ" ಅಂತ ಸುಮ್ಮನಾಗಬೇಡಿ.

ಒಂದೇ ಪಕ್ಕಕ್ಕೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಊದಿದ ಅಂಡಾಶಯ ತಿರುಚಿಕೊಂಡಿರಬಹುದು. ಅದಕ್ಕೆ ತುರ್ತು ಆಪರೇಷನ್ ಬೇಕಾಗುತ್ತದೆ. ಈ ದಿನಗಳಲ್ಲಿ ಭಾರ ಎತ್ತೋದು, ಓಡೋದು, ಸಂಭೋಗ ಬೇಡ ಅನ್ನೋದು ಇದಕ್ಕೇ. ಹಾಗಂತ "ಅಲ್ಲಾಡಬೇಡ, ಮಲಗಿಯೇ ಇರು" ಅನ್ನೋದೂ ತಪ್ಪು. ಮಂದವಾದ ರಕ್ತ ಇರುವವರು ಮಲಗೇ ಇದ್ದರೆ ಹೆಪ್ಪುಗಟ್ಟೋದು ಇನ್ನೂ ಸುಲಭ. ಮನೆಯೊಳಗೆ ನಿಧಾನವಾಗಿ ಓಡಾಡುತ್ತಿರಬೇಕು.

ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಬೇಡ. ಮೊದಲೇ ಸೊರಗಿರುವ ಮೂತ್ರಪಿಂಡಕ್ಕೆ ಅವು ಹೊರೆ. ಉಬ್ಬರ ಇಳಿಯಲಿ ಅಂತ ಮೂತ್ರ ಬರಿಸುವ ಮಾತ್ರೆಯನ್ನು ಯಾರೋ ಹೇಳಿದರು ಅಂತ ನುಂಗಲೇಬೇಡಿ. ಅದು ನೀರು ತೆಗೆಯೋದು ರಕ್ತದಿಂದ, ಹೊಟ್ಟೆಯಿಂದ ಅಲ್ಲ. ನೀರು ಬಾಯಾರಿಕೆ ಆದಷ್ಟು ಕುಡಿದರೆ ಸಾಕು. ಒತ್ತಾಯ ಮಾಡಿ ಐದಾರು ಲೀಟರ್ ಕುಡಿಸೋದರಿಂದ ಲಾಭವಿಲ್ಲ. ಎಳನೀರು ಮೊದಲ ದಿನಗಳಲ್ಲಿ ಸರಿ. ಆದರೆ ಮೂತ್ರ ಕಡಿಮೆಯಾದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರಬಹುದು, ಎಳನೀರಿನಲ್ಲಿ ಇರೋದೂ ಪೊಟ್ಯಾಸಿಯಮ್ಮೇ. ಆಗ ವೈದ್ಯರನ್ನು ಕೇಳಿ ಕುಡಿಯಿರಿ.

ಅಗೊನಿಸ್ಟ್ ಟ್ರಿಗರ್ ಕೈಕೊಡುವುದು ಎಲ್ಲಿ

ಕೆಲವರಲ್ಲಿ ಪಿಟ್ಯುಟರಿಯ ದಾಸ್ತಾನೇ ಕಡಿಮೆ ಇರುತ್ತದೆ. ತುಂಬ ತೆಳ್ಳಗಿರುವವರು, ಬಹಳ ಕಾಲ ಗರ್ಭನಿರೋಧಕ ಮಾತ್ರೆ ತಗೊಂಡವರು, ಮೊದಲಿಂದಲೂ ಎಲ್‌ಎಚ್ ತೀರಾ ಕಡಿಮೆ ಇರುವವರು ಈ ಗುಂಪು. ಇವರಲ್ಲಿ ಅಲೆ ಸಾಕಷ್ಟು ಏಳದೆ ಮೊಟ್ಟೆ ಕಡಿಮೆ ಸಿಗಬಹುದು. ಟ್ರಿಗರ್ ಆದ 10–12 ಗಂಟೆಗೆ ಎಲ್‌ಎಚ್ ನೋಡೋದು ಇದಕ್ಕೆ. 15ಕ್ಕಿಂತ ಕೆಳಗಿದ್ದರೆ ಯೋಚಿಸಬೇಕು. ಮೊಟ್ಟೆ ತೆಗೆಯುವುದನ್ನು ಮುಂದಕ್ಕೆ ಹಾಕಿ ಸಣ್ಣ ಪ್ರಮಾಣದ ಎಚ್‌ಸಿಜಿ ಕೊಡುವುದು ಒಂದು ದಾರಿ. ಮನೆಯಲ್ಲಿ ತಾವೇ ಚುಚ್ಚಿಕೊಂಡವರಲ್ಲಿ ಅರ್ಧ ಔಷಧಿ ಸಿರಿಂಜಿನಲ್ಲೇ ಉಳಿದಿದ್ದರೂ ಈ ಪರೀಕ್ಷೆ ಹೇಳಿಬಿಡುತ್ತದೆ.

ಕೆಲವು ಕಡೆ ಅಗೊನಿಸ್ಟ್ ಜೊತೆ 1,000–1,500 ಯೂನಿಟ್ ಎಚ್‌ಸಿಜಿಯನ್ನೂ ಸೇರಿಸುತ್ತಾರೆ. ಡ್ಯುಯಲ್ ಟ್ರಿಗರ್ ಅಂತ ಹೆಸರು. ಅದೇ ತಿಂಗಳು ಭ್ರೂಣ ಇಡೋ ಆಸೆಗೆ ಇದು ಅನುಕೂಲ. ಆದರೆ ಎಚ್‌ಸಿಜಿ ಎಷ್ಟೇ ಸಣ್ಣದಾದರೂ ಎಚ್‌ಸಿಜಿಯೇ. 27 ಗುಳ್ಳೆ ಇರುವವರಿಗೆ ಅದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. 10,000ದ ಬದಲು 5,000 ಎಚ್‌ಸಿಜಿ ಕೊಟ್ಟೆವು, ಇನ್ನು ಭಯವಿಲ್ಲ ಅನ್ನೋ ಮಾತನ್ನೂ ನಂಬಿ ಕೂರಬೇಡಿ. ಅರ್ಧ ಡೋಸ್ ರಕ್ಷಣೆಯಲ್ಲ. ಕ್ಯಾಬರ್ಗೊಲಿನ್ ಅನ್ನೋ ಮಾತ್ರೆಯನ್ನು ಟ್ರಿಗರ್ ದಿನದಿಂದ ದಿನಕ್ಕೆ 0.5 ಮಿಲಿಗ್ರಾಂನಂತೆ ಎಂಟು ದಿನ ಕೊಡುವ ರೂಢಿಯಿದೆ. ಅದು ವಿಇಜಿಎಫ್ ಕೆಲಸಕ್ಕೆ ಅಡ್ಡಬಂದು ಅಪಾಯ ಕಡಿಮೆ ಮಾಡುತ್ತದೆ. ಇದು ಟ್ರಿಗರ್ ಆಯ್ಕೆಗೆ ಜೊತೆಗಾರ, ಬದಲಿಯಲ್ಲ.

ಅಗೊನಿಸ್ಟ್ ಕೊಟ್ಟು ಎಲ್ಲ ಭ್ರೂಣ ಫ್ರೀಜ್ ಮಾಡಿದ ಮೇಲೂ ಗಂಭೀರ ಓಎಚ್‌ಎಸ್‌ಎಸ್ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಬೆರಳೆಣಿಕೆಯಷ್ಟು, ಆದರೆ ಇವೆ. ಹಾಗಾಗಿ ತೂಕದ ತಕ್ಕಡಿಯನ್ನು ಇವರೂ ಒಂದು ವಾರ ಮರೆಯುವಂತಿಲ್ಲ.

ಅಂಡದಾನ ಮಾಡುವ ಹೆಣ್ಣುಮಕ್ಕಳ ವಿಷಯ ಇನ್ನೂ ಸರಳ. ಭಾರತದ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಒಬ್ಬರು ಜೀವನದಲ್ಲಿ ಒಂದೇ ಸಲ ಅಂಡದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಮೊಟ್ಟೆ ತೆಗೆಯುವಂತಿಲ್ಲ. ಭ್ರೂಣ ಇಡೋದು ಬೇರೆಯವರ ಗರ್ಭಕೋಶದಲ್ಲಿ. ದಾನಿಯ ಒಳಪದರದ ಚಿಂತೆಯೇ ಇಲ್ಲ. ಆಕೆಗೆ ಎಚ್‌ಸಿಜಿ ಕೊಟ್ಟು ಅಪಾಯಕ್ಕೆ ಒಡ್ಡಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಐಯುಐ ಚಿಕಿತ್ಸೆ ಮಾಡಿಸಿಕೊಳ್ಳುವವರು ಇದು ನಮಗಲ್ಲ ಅಂದುಕೊಳ್ಳಬಹುದು. ಪಿಸಿಓಎಸ್ ಇದ್ದು ಹಾರ್ಮೋನ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅವರಿಗೂ ಇದೇ ಅಪಾಯ. ಅಲ್ಲಿ ಮೊಟ್ಟೆ ಹೊರತೆಗೆಯೋದೂ ಇಲ್ಲ, ಫ್ರೀಜ್ ಮಾಡೋದೂ ಇಲ್ಲ. ಒಂದೆರಡರ ಬದಲು ಹತ್ತು ಹದಿನೈದು ಗುಳ್ಳೆ ಎದ್ದಿದ್ದರೆ ಟ್ರಿಗರ್ ಕೊಡದೆ ಆ ತಿಂಗಳನ್ನು ಬಿಟ್ಟುಬಿಡೋದೇ ಸರಿ. ತಾವಾಗೇ ಮೊಟ್ಟೆ ಹೊರಬಿದ್ದು ಮೂರ್ನಾಲ್ಕು ಮಕ್ಕಳು ಒಟ್ಟಿಗೆ ನಿಲ್ಲಬಾರದು ಅಂತ ಆ ದಿನಗಳಲ್ಲಿ ಗಂಡ ಹೆಂಡತಿ ಸೇರುವುದೂ ಬೇಡ ಅನ್ನುತ್ತಾರೆ.

ಇಂಜೆಕ್ಷನ್ ಶುರುವಾಗುವ ಮುಂಚಿನ ರಕ್ತ ಪರೀಕ್ಷೆಯ ಪಿಸಿವಿ ಎಷ್ಟಿತ್ತು, ಮೊಟ್ಟೆ ತೆಗೆದ ದಿನದ ತೂಕ ಎಷ್ಟು, ಕೊಟ್ಟ ಟ್ರಿಗರ್ ಯಾವುದು, ಎಷ್ಟು ಗಂಟೆಗೆ, ರಾತ್ರಿ ಹೊತ್ತು ಎತ್ತುವ ಫೋನ್ ನಂಬರ್ ಯಾವುದು. ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಭಾನುವಾರ ನಡುರಾತ್ರಿ ಹತ್ತಿರದ ಯಾವುದೋ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕಾಗಿ ಬಂದರೆ, ನಿಮ್ಮನ್ನು ಎಂದೂ ನೋಡಿರದ ಡ್ಯೂಟಿ ಡಾಕ್ಟರ್ ಮೊದಲು ಕೇಳೋದು ಇವನ್ನೇ.